ಒಂದು ಚಿಪ್ಪು ಬಾಳೆಹಣ್ಣು, ಅರ್ಧ ಹಾಳೆ ಕಾಗದ

1979ರ ಮಾರ್ಚ್ ತಿಂಗಳ ಒಂದು ಭಾನುವಾರ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಒಂದು ಚಿಪ್ಪು ಪಚ್ಚಬಾಳೆ ಕೊಂಡೆ. ಒಂದೂವರೆ ರೂಪಾಯಿ. ಬುಟ್ಟಿಯವಳ ಹತ್ತಿರ ಚೌಕಾಸಿ ಮಾಡುವ ಧೈರ್ಯವಿತ್ತು, ಮುಂದೆ ಹೋಗಬೇಕಾಗಿದ್ದ ಮನೆಯಲ್ಲಿ ಬಾಯಿಬಿಡುವ ಧೈರ್ಯವಿರಲಿಲ್ಲ. ನನಗಾಗ ಇಪ್ಪತ್ಮೂರು ವರ್ಷ. ಹಿಂದೆ ಕೆಲಸ ಮಾಡಿದ್ದ ಕಂಪನಿಯ ಮ್ಯಾನೇಜರ ಮನೆಗೆ, ಒಂದು ರೆಫರೆನ್ಸ್ ಲೆಟರ್ ಕೇಳಲು ಹೊರಟಿದ್ದೆ. ಆಗ ಅದನ್ನು ಟೆಸ್ಟಿಮೋನಿಯಲ್ ಅನ್ನುತ್ತಿದ್ದೆವು. ನಮ್ಮಮ್ಮ ಮಾತ್ರ ಕೊನೆಯವರೆಗೂ ಅದನ್ನು ‘ಒಳ್ಳೇತನದ ಕಾಗದ’ ಅಂತಲೇ ಕರೆದಳು.

ಕೆಲಸ ಬಿಟ್ಟ ಕಾರಣ ದೊಡ್ಡದೇನಲ್ಲ. ಚಿಕ್ಕಪೇಟೆ ಕಡೆ ಪಂಪಿನ ಬಿಡಿಭಾಗ ಮಾರುವ ಪುಟ್ಟ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ, ಸಂಬಳ 310 ರೂಪಾಯಿ. ಅಕ್ಕನ ಬಾಣಂತನಕ್ಕೆ ಊರಿಗೆ ಹೋಗಬೇಕಾಯಿತು. ಅಮ್ಮನ ಕೈಲಿ ಒಬ್ಬಳೇ ಹಂಡೆ ನೀರು ಕಾಯಿಸಿ ಎರೆಯಲು ಆಗುತ್ತಿರಲಿಲ್ಲ. ಅಷ್ಟು ದಿನ ರಜ ಕೊಡುವುದಿಲ್ಲವೆಂದರು, ರಾಜೀನಾಮೆ ಕೊಟ್ಟೆ. ಐದು ತಿಂಗಳ ಮೇಲೆ ವಾಪಸು ಬಂದಾಗ ಪೀಣ್ಯದ ಒಂದು ಕಾರ್ಖಾನೆಯವರು ಸ್ಟೆನೋ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ಹಿಂದಿನ ಮೇಲಧಿಕಾರಿಯ ಪತ್ರ ತರಬೇಕು ಅಂತ ಅದರಲ್ಲಿತ್ತು.

ಮ್ಯಾನೇಜರ ಮನೆಯ ಪಡಸಾಲೆಯಲ್ಲಿ ನಲವತ್ತು ನಿಮಿಷ ಕೂತೆ. ನಾಗಂದಿಗೆಯ ಮೇಲೆ ಸಾಲಾಗಿ ಜೋಡಿಸಿದ್ದ ಹಿತ್ತಾಳೆ ಡಬರಿಗಳನ್ನು ಎಣಿಸಿದೆ. ಅವರ ಮಗಳ ಸಂಗೀತದ ಪರೀಕ್ಷೆ, ನಲ್ಲಿಯಲ್ಲಿ ನೀರು ಬಾರದಿರುವುದು, ಎಲ್ಲ ಮಾತಾಯಿತು. ಅವರ ಮನೆಯಾಕೆ ಕೊಟ್ಟ ಕಾಫಿಯೂ ಮುಗಿಯಿತು. ಇನ್ನು ಎದ್ದೇಳಲೇಬೇಕು ಅನ್ನುವಾಗ, “ಸಾರ್, ನನಗೊಂದು ಒಳ್ಳೇ ಲೆಟರ್ ಕೊಡಿ” ಅಂದೆ. ಅವರು ಚಿಟಿಕೆ ನಶ್ಯ ಏರಿಸಿ, ಧೋತ್ರದ ಅಂಚಿಗೆ ಬೆರಳು ಒರೆಸಿಕೊಂಡು, “ಯಾರಿಗಮ್ಮ?” ಅಂದರು. ಕಾರ್ಖಾನೆಗೆ ಅಂದೆ. “ಅಲ್ಲಿ ಯಾರಿಗೆ?” ಗೊತ್ತಿರಲಿಲ್ಲ. “ಯಾವತ್ತಿಗೆ?” ಬೇಗ ಅಂದೆ. “ನೀನು ನಮ್ಮಲ್ಲಿ ಎಷ್ಟು ವರ್ಷ ಇದ್ದೆ?” ಎರಡೋ ಎರಡೂವರೆಯೋ ಅಂದೆ. “ಏನಂತ ಬರೀಲಿ?” ಅಂದಾಗ ನಾನು ಹೇಳಿದ ಉತ್ತರ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. “ನಿಮಗೇ ಗೊತ್ತಲ್ಲ ಸಾರ್” ಅಂದಿದ್ದೆ.

ಅವರು ಸಿಟ್ಟಾಗಲಿಲ್ಲ. “ಮೂವತ್ತು ಜನ ಬಂದು ಹೋಗಿದ್ದಾರಮ್ಮ ನಮ್ಮಲ್ಲಿ. ಕಾಗದ ಬರೆಯೋದು ನನ್ನ ಕೆಲಸ, ನೆನಪು ಮಾಡಿಸೋದು ನಿನ್ನ ಕೆಲಸ. ಮುಂದಿನ ಭಾನುವಾರ ಬಾ, ಹಣ್ಣು ತರಬೇಡ” ಅಂದರು. ನಾನು ಅದನ್ನು ಮೆತ್ತಗಿನ ‘ಇಲ್ಲ’ ಅಂತಲೇ ತಿಳಿದು ಬಸ್ಸಿನಲ್ಲಿ ಅಳುತ್ತ ಮನೆಗೆ ಹೋದೆ. ಅವರು ಹೇಳಿದ್ದು ‘ಆಗಲಿ’ ಅಂತ ಅನ್ನುವುದು ತಿಳಿಯುವುದಕ್ಕೆ ನಾನೇ ಮ್ಯಾನೇಜರ್ ಆಗಬೇಕಾಯಿತು.

ಮನೆಯಲ್ಲಿ ಭಾವ ಇದ್ದರು, ಬ್ಯಾಂಕಿನವರು. ಎಲ್ಲ ಕೇಳಿ ನಕ್ಕು, ಒಂದು ಫೂಲ್‌ಸ್ಕೇಪ್ ಹಾಳೆಯನ್ನು ಉಗುರಿನಿಂದ ಗೀರಿ ಎರಡು ಮಾಡಿದರು. “ಅರ್ಧ ಹಾಳೆ ಸಾಕು. ಅವರು ಕೇಳಿದ ಪ್ರಶ್ನೆಗಳನ್ನೇ ಬರಿ, ಪಕ್ಕದಲ್ಲಿ ಉತ್ತರ ಬರಿ” ಅಂದರು. ಇನ್ನರ್ಧ ಹಾಳೆ ಹಾಲಿನ ಲೆಕ್ಕಕ್ಕೆ ಹೋಯಿತು. ಉತ್ತರಗಳನ್ನು ಹುಡುಕಲು ನನಗೆ ಮೂರು ದಿನ ಹಿಡಿಯಿತು. ಟ್ರಂಕಿನ ತಳದಿಂದ ನೇಮಕದ ಕಾಗದ ತೆಗೆದು ತಾರೀಖು ನೋಡಿದೆ. ಜಾಹೀರಾತನ್ನು ಮತ್ತೆ ಓದಿದೆ. ನನ್ನದೇ ಕೆಲಸ ನನಗೇ ನೆನಪಿಲ್ಲವಲ್ಲ ಅಂತ ನಾಚಿಕೆಯಾಯಿತು. ನನಗೇ ನೆನಪಿಲ್ಲದ್ದನ್ನು ಮೂವತ್ತು ಜನರನ್ನು ಕಂಡವರು ನೆನಪಿಟ್ಟುಕೊಂಡಿರಲಿ ಅಂತ ಕಾದಿದ್ದೆ.

ಆ ಅರ್ಧ ಹಾಳೆಯಲ್ಲಿ ಇದ್ದದ್ದು ಇಷ್ಟು. 1976ರ ಜೂನ್ 7ರಿಂದ 1978ರ ಅಕ್ಟೋಬರ್ 31ರವರೆಗೆ ತಮ್ಮ ಕೈಕೆಳಗೆ ಟೈಪಿಸ್ಟ್ ಆಗಿದ್ದೆ. ಬಿಟ್ಟದ್ದು ಅಕ್ಕನ ಬಾಣಂತನಕ್ಕೆ. ಪತ್ರ ಹೋಗಬೇಕಾದ್ದು ಪೀಣ್ಯದ ಕಾರ್ಖಾನೆಯ ಆಡಳಿತಾಧಿಕಾರಿಗೆ. ಅವರಿಗೆ ಬೇಕಾದದ್ದು ಟೈಪು, ಶೀಘ್ರಲಿಪಿ ಮತ್ತು ಟಪಾಲು ನೋಡಿಕೊಳ್ಳುವ ಕೆಲಸ. ಸಂದರ್ಶನ ಏಪ್ರಿಲ್ 2ರ ಸೋಮವಾರ, ನಾನೇ ಮಾರ್ಚ್ 30ರ ಶುಕ್ರವಾರ ಸಂಜೆ ಬಂದು ಪತ್ರ ತೆಗೆದುಕೊಂಡು ಹೋಗುತ್ತೇನೆ. ಕೆಳಗೆ, ತಾವು ಕಣ್ಣಾರೆ ಕಂಡ ಮೂರು ಕೆಲಸ: 1977ರ ಮಾರ್ಚಿನಲ್ಲಿ 612 ಬಾಬಿನ ದಾಸ್ತಾನು ಪಟ್ಟಿಯನ್ನು ನಾಲ್ಕು ಪ್ರತಿಯಲ್ಲಿ ಮೂರು ಸಂಜೆ ಕೂತು ಟೈಪು ಮಾಡಿದ್ದು, ಆವಕ-ಜಾವಕದ ರಿಜಿಸ್ಟರು ಎಂಟು ತಿಂಗಳು ಹಿಂದೆ ಬಿದ್ದಿದ್ದನ್ನು ಸರಿ ಮಾಡಿದ್ದು, ಶೀಘ್ರಲಿಪಿಯಲ್ಲಿ ನಿಮಿಷಕ್ಕೆ 120 ಪದ ಬರೆದುಕೊಳ್ಳುತ್ತಿದ್ದದ್ದು.

ಎರಡನೇ ಭಾನುವಾರ ಅವರು ಕನ್ನಡಕ ಏರಿಸಿ ಅದನ್ನು ಓದಿದರು. “ಹಾಂ, ಆ ಪಟ್ಟಿ! ಕರೆಂಟು ಹೋಗಿ ಕಂದೀಲು ಇಟ್ಕೊಂಡು ಮಾಡಿದ್ಯಲ್ಲ!” ಅಂದರು. ಕಂದೀಲು ನಾನು ಬರೆದಿರಲಿಲ್ಲ, ಅವರಿಗೇ ನೆನಪಾಯಿತು. ತುದಿ ಒಂದು ಕೈಗೆ ಸಿಕ್ಕರೆ ಮಿಕ್ಕ ದಾರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಮೂರನೇ ಸಾಲಿಗೆ ಬಂದಾಗ ಪೆನ್ಸಿಲ್ ತೆಗೆದು 120ನ್ನು ಹೊಡೆದುಹಾಕಿದರು. “ನಾನು ಮಾತಾಡೋ ವೇಗ ನನಗೆ ಗೊತ್ತಮ್ಮ. ಮಧ್ಯೆ ನಶ್ಯ ಬೇರೆ ಏರಿಸ್ತೀನಿ. ನಿಮಿಷಕ್ಕೆ 80 ದಾಟೋದಿಲ್ಲ. ನಾನು 80 ಹೇಳಿದ್ರೆ ನೀನು 120 ಹೇಗೆ ಬರ್ಕೊಂಡೆ?” ಪರೀಕ್ಷೆಯಲ್ಲಿ 120 ಪಾಸಾಗಿದ್ದೆ, ಸುಳ್ಳೇನೂ ಅಲ್ಲ. ಆದರೆ ಅದಕ್ಕೆ ಸರ್ಟಿಫಿಕೇಟು ಬೇರೆ ಇತ್ತು. ಅವರು ಕಾಣದ್ದನ್ನು ಅವರ ಬಾಯಲ್ಲಿ ಹೇಳಿಸಲು ಹೊರಟಿದ್ದೆ. “ನಾನು ಏನು ಹೇಳಿದರೂ ತಪ್ಪಿಲ್ಲದೆ ಬರೆದುಕೊಳ್ಳುತ್ತಿದ್ದರು” ಅಂತ ಅವರು ಬರೆದರು. ಪತ್ರ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ, ಶುಕ್ರವಾರದವರೆಗೆ ಕಾಯುವ ಪ್ರಮೇಯವೇ ಬರಲಿಲ್ಲ.

ಸಂದರ್ಶನದಲ್ಲಿ ಆಡಳಿತಾಧಿಕಾರಿ ಆ ಕಾಗದ ಓದಿ ಕೇಳಿದ ಮೊದಲ ಪ್ರಶ್ನೆ, “612 ಬಾಬು, ನಾಲ್ಕು ಪ್ರತಿ. ಮಧ್ಯೆ ತಪ್ಪಾದರೆ ಏನು ಮಾಡ್ತಿದ್ರಿ?” ಆ ಪ್ರಶ್ನೆಗೆ ನಾನು ಕಾಲು ಗಂಟೆ ಉತ್ತರ ಕೊಡಬಲ್ಲವಳಾಗಿದ್ದೆ. ಕಾರ್ಬನ್ನಿನ ಪ್ರತಿ ಹಾಳೆಯ ಹಿಂದೆ ಚೂರು ಕಾಗದ ಸಿಕ್ಕಿಸಿ, ಗುಂಡು ರಬ್ಬರಿನಿಂದ ನಾಲ್ಕೂ ಪ್ರತಿ ಬೇರೆ ಬೇರೆಯಾಗಿ ಅಳಿಸುವುದು, ಪುಡಿಯನ್ನು ಮಶಿನಿನೊಳಗೆ ಬೀಳದಂತೆ ಬ್ರಷ್ಷಿನಿಂದ ಸರಿಸುವುದು, ಎಲ್ಲ ಹೇಳಿದೆ. 525 ರೂಪಾಯಿ ಸಂಬಳಕ್ಕೆ ಸೇರಿಸಿಕೊಂಡರು. ಪತ್ರ ಕೆಲಸ ಕೊಡಿಸಿತು ಅಂತ ಅಮ್ಮ ಊರೆಲ್ಲ ಹೇಳಿದಳು. ಪತ್ರ ಮಾಡಿದ್ದು ಇಷ್ಟೇ, ನನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅವರ ಬಾಯಿಗೆ ಬರಿಸಿತು.

ಪೀಣ್ಯದಲ್ಲಿ ಆಗ ಧೂಳು ಜಾಸ್ತಿ, ಮರ ಕಡಿಮೆ. ಕಾರ್ಖಾನೆಯ ಗೇಟು ದಾಟಿದರೆ ಲೇತಿನ ಎಣ್ಣೆಯ ವಾಸನೆ, ಆಫೀಸಿನೊಳಗೆ ಬಂದರೆ ರಿಬ್ಬನ್ ಮತ್ತು ಅಂಟಿನ ವಾಸನೆ. ನನ್ನ ರೆಮಿಂಗ್ಟನ್ ಮಶಿನಿನ ಎದುರಿಗೇ ಮ್ಯಾನೇಜರ ಮೇಜು. ಕೆಲಸ ಬಿಟ್ಟವರು ಪತ್ರ ಕೇಳಿ ಬರೆದ ಕಾಗದಗಳೆಲ್ಲ ಅವರ ಎಡಗಡೆಯ ಡ್ರಾಯರಿಗೆ ಹೋಗುತ್ತಿದ್ದವು. ಕೆಲವು ಅದೇ ದಿನ ಹೊರಗೆ ಬರುತ್ತಿದ್ದವು, ಕೆಲವು ಅಲ್ಲೇ ಹಳದಿಯಾಗುತ್ತಿದ್ದವು. ಹಳದಿಯಾದವರೆಲ್ಲ ಕೆಟ್ಟ ಕೆಲಸಗಾರರೇನಲ್ಲ. ಅವರ ಕಾಗದ ತೆಗೆದರೆ ಮ್ಯಾನೇಜರಿಗೆ ಫೈಲು ಹುಡುಕಬೇಕಿತ್ತು, ಫೋರ್‌ಮನ್ನನನ್ನು ಕರೆದು ‘ಇವನು ಯಾರು’ ಅಂತ ಕೇಳಬೇಕಿತ್ತು, ಯಾರ ಹೆಸರಿಗೆ ಬರೆಯಬೇಕೆಂದು ತಿರುಗಿ ಬರೆದು ಕೇಳಬೇಕಿತ್ತು. ಇವತ್ತು ಬೇಡ ನಾಳೆ ಅಂತ ಡ್ರಾಯರು ಮುಚ್ಚುತ್ತಿದ್ದರು. ಬರೆದುಕೊಡಲು ಮನಸ್ಸಿಲ್ಲದೆ ಮುಚ್ಚಿದ್ದನ್ನು ನಾನು ಕಂಡದ್ದು ಕಡಿಮೆ.

ಆ ಡ್ರಾಯರಿನಲ್ಲಿ ಅರ್ಧದಷ್ಟು ಕಾಗದ ಅಲ್ಲಿಗೆ ಬರಲೇಬಾರದಾಗಿತ್ತು. ಎಷ್ಟು ದಿನ ಇದ್ದ, ಯಾವ ಹುದ್ದೆ ಅಂತ ಹೇಳುವ ಸರ್ವಿಸ್ ಸರ್ಟಿಫಿಕೇಟು ಬೇರೆ, ಮ್ಯಾನೇಜರು ತಮ್ಮ ಮಾತಿನಲ್ಲಿ ಬರೆಯುವ ಪತ್ರ ಬೇರೆ. ಮೊದಲನೆಯದು ಹಕ್ಕು. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯ ಮಾದರಿ ನಿಯಮಗಳಲ್ಲೇ ಕಾಯಂ ಕೆಲಸಗಾರ ಬಿಡುವಾಗ ಅದನ್ನು ಕೊಡಬೇಕೆಂದಿತ್ತು. ಎರಡನೆಯದು ಉಪಕಾರ. ಜನ ಹಕ್ಕಿನದನ್ನು ಬೇಡುತ್ತಿದ್ದರು, ಉಪಕಾರವನ್ನು ಹಕ್ಕಿನಂತೆ ಕೇಳುತ್ತಿದ್ದರು. ಈಗಲೂ ನೋಡಿ, ತಾರೀಖು, ಹುದ್ದೆಯ ದಾಖಲೆ ಬೇಕಾದರೆ ಎಚ್‌ಆರ್‌ನವರನ್ನು ಕೇಳಬೇಕು. ಹಳೇ ಮ್ಯಾನೇಜರನ್ನು ಕೇಳಬೇಕಾದ್ದು ಅವರ ಕಣ್ಣು ಕಂಡದ್ದನ್ನು ಮಾತ್ರ.

ಒಂದು ಶನಿವಾರ ಸಂಜೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಒಬ್ಬ ಬಂದ. ಸೋಮವಾರ ಬೆಳಿಗ್ಗೆ ಹೈದರಾಬಾದಿನಲ್ಲಿ ಸಂದರ್ಶನ, ರಾತ್ರಿ ರೈಲು. ನಾನು ಮಶಿನಿಗೆ ಕವಚ ಹಾಕಿ ಟಿಫನ್ ಡಬ್ಬಿ ಚೀಲಕ್ಕಿಟ್ಟಾಗಿತ್ತು. ಮ್ಯಾನೇಜರು ಇಲ್ಲ ಅನ್ನಲಿಲ್ಲ. ಕವಚ ತೆಗೆಸಿ, ನಿಂತುಕೊಂಡೇ ಹೇಳಿ ಬರೆಸಿದರು: ಇವರು ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ನನಗೆ ತಿಳಿದಮಟ್ಟಿಗೆ ಇವರ ನಡತೆ ಚೆನ್ನಾಗಿತ್ತು, ಮುಂದಿನ ಪ್ರಯತ್ನಗಳಲ್ಲಿ ಯಶಸ್ಸು ಕೋರುತ್ತೇನೆ. ಈ ಮೂರು ಸಾಲು ನನ್ನ ಬೆರಳಿಗೆ ಬಾಯಿಪಾಠವಾಗಿತ್ತು, ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಓದುವವರಿಗೂ ಅದು ಬಾಯಿಪಾಠವೇ. ಆ ಮನುಷ್ಯ ನಮ್ಮಲ್ಲಿ ಆರು ವರ್ಷ ಒಳ್ಳೆಯ ಕೆಲಸ ಮಾಡಿದವ. ಹದಿನೈದು ದಿನ ಮುಂಚೆ ಬಂದಿದ್ದರೆ ಮ್ಯಾನೇಜರು ಅವನ ಬಗ್ಗೆ ಒಂದು ಪುಟ ಬರೆಯುತ್ತಿದ್ದರು. ಅವಸರದಲ್ಲಿ ಕೇಳಿದವನಿಗೆ ಪತ್ರ ಸಿಗುವುದಿಲ್ಲವೆಂದಲ್ಲ, ಎಲ್ಲರಿಗೂ ಕೊಡುವ ಪತ್ರ ಸಿಗುತ್ತದೆ.

1984ರಲ್ಲಿ ಬಂದ ಇನ್ನೊಬ್ಬನ ಕಥೆ ಬೇರೆ. ಮಶೀನ್ ಶಾಪಿನ ಸೂಪರ್‌ವೈಸರ್. ರಾತ್ರಿ ಪಾಳಿಯ ವಿಷಯಕ್ಕೆ ಇದೇ ಮ್ಯಾನೇಜರ ಜತೆ ಜಗಳವಾಡಿ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟಿದ್ದ. ಅವನು ಒಳಗೆ ಬಂದಾಗ ನಾನು ಟೈಪು ನಿಲ್ಲಿಸಿ ಶೀಘ್ರಲಿಪಿಯ ಪುಸ್ತಕ ಹುಡುಕುವವಳಂತೆ ಕೂತೆ. ಅವನು ಸುತ್ತಿಬಳಸಲಿಲ್ಲ. “ಸಾರ್, ಹೊಸೂರಿನಲ್ಲಿ ಕೆಲಸಕ್ಕೆ ಹಾಕಿದ್ದೀನಿ. ನಿಮ್ಮ ಪತ್ರ ಬೇಕು. ನನ್ನ ಬಗ್ಗೆ ಒಳ್ಳೇದು ಬರೆಯೋಕೆ ನಿಮಗೆ ಮನಸ್ಸು ಒಪ್ಪದಿದ್ರೆ ಈಗಲೇ ಹೇಳಿಬಿಡಿ, ಬೇರೆಯವರನ್ನ ಕೇಳ್ತೀನಿ, ಬೇಜಾರಿಲ್ಲ” ಅಂದ.

ಮ್ಯಾನೇಜರು ಎರಡು ಕಾಫಿಗೆ ಹೇಳಿ ಕಳಿಸಿದರು. ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವಲ್ಲ ಅಂತ ನನಗೆ ಸಿಟ್ಟು ಬಂದದ್ದು ಸ್ಪಷ್ಟವಾಗಿ ನೆನಪಿದೆ. ಆಮೇಲೆ ಇಬ್ಬರೂ ಬೇಲಿ ಹಾಕುವವರಂತೆ ಗಡಿ ಗುರುತು ಮಾಡಿಕೊಂಡರು. “ಮಶೀನ್ ಸೆಟ್ಟಿಂಗ್‌ನಲ್ಲಿ ನಿನ್ನಂಥವನನ್ನ ನೋಡಿಲ್ಲ, ಅದನ್ನ ಬರೀತೀನಿ. ರಿಜೆಕ್ಷನ್ ಕಡಿಮೆ ಮಾಡಿದ್ದು ಬರೀತೀನಿ. ನಿನ್ನ ಸ್ವಭಾವದ ಬಗ್ಗೆ ಬರೆಯೋದಿಲ್ಲ. ಅವರು ಫೋನ್ ಮಾಡಿ ಕೇಳಿದ್ರೆ ಜಗಳ ಆಗಿತ್ತು ಅಂತಲೇ ಹೇಳ್ತೀನಿ.” ಅವನು, “ಹೇಳಿ ಸಾರ್, ಸುಳ್ಳಲ್ಲವಲ್ಲ” ಅಂದ. ಆ ವರ್ಷ ನಾನು ಟೈಪು ಮಾಡಿದ ಪತ್ರಗಳಲ್ಲಿ ಅದೇ ಗಟ್ಟಿಯದು. ಪತ್ರ ಬರೆಯುವವನಿಗೆ ಇರುವ ದೊಡ್ಡ ಅಂಜಿಕೆ ನಾಳೆ ತನ್ನ ಮಾತು ಸುಳ್ಳಾದರೆ ಅನ್ನುವುದು. ಇವನು ಇಲ್ಲ ಅನ್ನಲು ಬಾಗಿಲು ತೆರೆದಿಟ್ಟು ಆ ಅಂಜಿಕೆ ಕಳೆದಿದ್ದ. ಬಾಗಿಲು ತೆರೆದಿದ್ದರೂ ಮ್ಯಾನೇಜರು ಎದ್ದು ಹೋಗಲಿಲ್ಲ.

1994ರಲ್ಲಿ ನಾನೇ ಡಿಸ್ಪ್ಯಾಚ್ ವಿಭಾಗಕ್ಕೆ ಮ್ಯಾನೇಜರಾದೆ. ಎಡಗಡೆಯ ಡ್ರಾಯರು ಈಗ ನನ್ನದು. ಅಷ್ಟು ಹೊತ್ತಿಗೆ ಕಂಪ್ಯೂಟರ್ ಬಂದು, ಪತ್ರ ಕೇಳುವವರು ಪತ್ರವನ್ನೇ ಸಿದ್ಧಮಾಡಿ ತರುವ ರೂಢಿ ಶುರುವಾಗಿತ್ತು. “ಮೇಡಂ, ನಿಮಗೆ ತೊಂದರೆ ಬೇಡ ಅಂತ ನಾನೇ ಬರೆದಿದ್ದೀನಿ, ಸೈನ್ ಹಾಕಿದ್ರೆ ಸಾಕು.” ಇದಕ್ಕಿಂತ ಸುಲಭ ಏನಿದೆ ಅಂತ ನನಗೂ ಅನ್ನಿಸಿತು. 2003ರಲ್ಲಿ ಒಬ್ಬ ಹುಡುಗನಿಗೆ ಹಾಗೇ ಸಹಿ ಹಾಕಿ ಕೊಟ್ಟೆ. ಎರಡು ವಾರದ ಮೇಲೆ ಚೆನ್ನೈಯಿಂದ ಫೋನ್ ಬಂತು. “ಇವರು ಗೋದಾಮಿನ ವ್ಯವಸ್ಥೆಯನ್ನೇ ಬದಲಿಸಿದರು ಅಂತ ಬರೆದಿದ್ದೀರಿ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು?” ನಾನು ಬರೆದದ್ದೆಂದು ಅವರು ಓದಿದ ಸಾಲು ನನಗೆ ಹೊಸದು. ಒಂದಷ್ಟು ತಡವರಿಸಿದೆ. ಅತ್ತ ಕಡೆಯವರು ಮರ್ಯಾದಸ್ತರು, “ಆಗಲಿ ಮೇಡಂ, ಥ್ಯಾಂಕ್ಸ್” ಅಂತ ಇಟ್ಟುಬಿಟ್ಟರು. ಹುಡುಗನಿಗೆ ಕೆಲಸ ಸಿಗಲಿಲ್ಲ. ಗೋದಾಮಿನ ಕೆಲಸ ಅವನು ನಿಜವಾಗಿ ಮಾಡಿದ್ದ ಅಂತ ಹಳೇ ರಿಜಿಸ್ಟರು ನೋಡಿದ ಮೇಲೆ ಗೊತ್ತಾಯಿತು. ಅವನು ನನಗೆ ನೆನಪು ಮಾಡಿಸುವ ಬದಲು ನನ್ನ ಪರವಾಗಿ ಬರೆದಿದ್ದ, ನಾನು ಓದದೆ ಸಹಿ ಹಾಕಿದ್ದೆ. ತಪ್ಪಿನಲ್ಲಿ ನನ್ನ ಪಾಲೇ ಹೆಚ್ಚು.

ಅಲ್ಲಿಂದ ಮುಂದೆ ಸಿದ್ಧಪತ್ರ ತಂದವರಿಗೆ, “ಇದನ್ನು ಇಟ್ಟುಕೊಳ್ಳಿ, ನನಗೆ ನಾಲ್ಕು ಅಂಶ ಮಾತ್ರ ಕೊಡಿ” ಅನ್ನತೊಡಗಿದೆ. ಯಾವ ವರ್ಷ, ಏನು ತೊಡಕಿತ್ತು, ನೀವು ಏನು ಮಾಡಿದಿರಿ, ನಾನು ಎಲ್ಲಿ ನಿಂತು ಅದನ್ನು ನೋಡಿದೆ. ಈ ನಾಲ್ಕನೆಯದನ್ನು ಬರೆಯಲು ಎಲ್ಲರೂ ತಿಣುಕುತ್ತಿದ್ದರು, ಯಾಕೆಂದರೆ ಹೇಳಿಕೊಳ್ಳಬೇಕೆನ್ನಿಸಿದ ಎಷ್ಟೋ ದೊಡ್ಡ ಕೆಲಸ ನಾನು ಕಂಡದ್ದೇ ಆಗಿರುತ್ತಿರಲಿಲ್ಲ. ಅದು ಬಯೋಡೇಟಾದಲ್ಲಿ ಇರಲಿ, ನನ್ನ ಪತ್ರದಲ್ಲಿ ಬೇಡ ಅನ್ನುತ್ತಿದ್ದೆ. ಹಾಗೆ ಅನ್ನುವಾಗಲೆಲ್ಲ ನಶ್ಯದ ಘಾಟು ಮೂಗಿಗೆ ಬಡಿದಂತಾಗುತ್ತಿತ್ತು.

2016ರಲ್ಲಿ ನಿವೃತ್ತಳಾಗಿ ಮೈಸೂರಿಗೆ ಬಂದೆ. ನಾಗಂದಿಗೆ ಇಲ್ಲದ ಮನೆ, ನಮ್ಮ ಡಬರಿಗಳು ಅಟ್ಟ ಸೇರಿವೆ. ಇನ್ನು ಯಾರೂ ಪತ್ರ ಕೇಳುವುದಿಲ್ಲ ಅಂದುಕೊಂಡಿದ್ದೆ, ಕೇಳುವುದು ಹೆಚ್ಚೇ ಆಯಿತು. ಕಾರಣ ಹೀಗಿದೆ. ಕೆಲಸ ಬದಲಿಸುವ ವಿಷಯ ಈಗಿನ ಬಾಸಿಗೆ ತಿಳಿಯಬಾರದು, ಆದ್ದರಿಂದ ಹಿಂದಿನ ಬಾಸನ್ನು ಹುಡುಕಿಕೊಂಡು ಬರುತ್ತಾರೆ. ಜತೆಗೆ ಈಗ ಎಷ್ಟೋ ಕಂಪನಿಗಳಲ್ಲಿ ತಾರೀಖು, ಹುದ್ದೆ ಬಿಟ್ಟು ಬೇರೇನೂ ಬರೆದುಕೊಡಬಾರದೆಂಬ ನಿಯಮವಿದೆ. ಕೆಲಸದಲ್ಲಿರುವ ಮ್ಯಾನೇಜರಿಗೆ ಲೆಟರ್‌ಹೆಡ್ಡಿನಲ್ಲಿ ಬರೆಯಲು ಕೈಕಟ್ಟು. ನನ್ನಂಥ ನಿವೃತ್ತರಿಗೆ ಲೆಟರ್‌ಹೆಡ್ಡೂ ಇಲ್ಲ, ನಿಯಮವೂ ಇಲ್ಲ.

ಹೋದ ವರ್ಷ ಒಂದೇ ವಾರದಲ್ಲಿ ಎರಡು ಕೋರಿಕೆ ಬಂದವು. ಒಂದು ವಾಟ್ಸಾಪಿನಲ್ಲಿ. “ಹಾಯ್ ಮೇಡಂ, ಹೇಗಿದ್ದೀರಾ? ಅರ್ಜೆಂಟಾಗಿ ಒಂದು ರೆಫರೆನ್ಸ್ ಲೆಟರ್ ಬೇಕಿತ್ತು,” ಮೂರು ಕೈಮುಗಿದ ಚಿತ್ರ. ಹೆಸರಿನ ಜಾಗದಲ್ಲಿ ಎರಡು ಅಕ್ಷರ, ಫೋಟೋದ ಜಾಗದಲ್ಲಿ ಒಂದು ನಾಯಿ. ನಾಯಿ ಚೆನ್ನಾಗಿತ್ತು, ಆದರೆ ಅದು ನನ್ನ ಕೈಕೆಳಗೆ ಕೆಲಸ ಮಾಡಿದ ನೆನಪಿಲ್ಲ.

ಇನ್ನೊಂದು ಇಮೇಲ್. ಬರೆದವಳು 2013ರಿಂದ ಮೂರು ವರ್ಷ ನನ್ನ ವಿಭಾಗದಲ್ಲಿದ್ದ ಹುಡುಗಿ. ಅವಳ ಒಪ್ಪಿಗೆ ಪಡೆದು ಹೆಸರು ಬಿಟ್ಟು ಇಲ್ಲಿ ಕೊಡುತ್ತೇನೆ.

“ಮೇಡಂ, ನಮಸ್ಕಾರ. 2013ರ ಆಗಸ್ಟಿನಿಂದ 2016ರ ಮೇವರೆಗೆ, ನೀವು ನಿವೃತ್ತರಾಗುವ ತನಕ, ಡಿಸ್ಪ್ಯಾಚಿನಲ್ಲಿ ನಿಮ್ಮ ಕೈಕೆಳಗೆ ಇದ್ದೆ. ಲಾರಿ ಷೆಡ್ಯೂಲು ನೋಡುತ್ತಿದ್ದವಳು, ಕಿಟಕಿ ಪಕ್ಕದ ಮೇಜು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಸರಬರಾಜು ನಿರ್ವಹಣೆಯ ಎಂಎಸ್ಸಿಗೆ ಅರ್ಜಿ ಹಾಕುತ್ತಿದ್ದೇನೆ. ಅವರಿಗೆ ಎರಡು ಪತ್ರ ಬೇಕು, ಒಂದು ಕಾಲೇಜಿನ ಮೇಷ್ಟ್ರಿಂದ, ಒಂದು ಕೆಲಸ ನೋಡಿದವರಿಂದ. ಎರಡನೆಯದನ್ನು ನೀವು ಬರೆಯಬಹುದೇ? ಬರೆಯುವಷ್ಟು ನನ್ನ ಕೆಲಸ ನೆನಪಿಲ್ಲ ಅಥವಾ ಪುರುಸೊತ್ತಿಲ್ಲ ಅಂದರೆ ದಯವಿಟ್ಟು ಹಾಗೇ ಹೇಳಿ, ಇನ್ನೊಬ್ಬರಿದ್ದಾರೆ. ಒಪ್ಪಿದರೆ ಮಾತ್ರ ನಿಮ್ಮ ಇಮೇಲ್ ಅವರಿಗೆ ಕೊಡುತ್ತೇನೆ. ಅವರಿಂದ ಒಂದು ಲಿಂಕ್ ಬರುತ್ತದೆ. ನಿವೃತ್ತರು ಸ್ವಂತ ಇಮೇಲಿನಿಂದ ಕಳಿಸಬಹುದೇ ಅಂತ ಕೇಳಿದ್ದೇನೆ, ಆಗುತ್ತದೆ ಅಂದಿದ್ದಾರೆ. ಒಂದು ಪುಟ ಸಾಕು. ಕೊನೆಯ ದಿನ ಜನವರಿ 31, ಇವತ್ತಿಗೆ ಐದು ವಾರ. ನೀವು ಕಂಡ ಮೂರು ಕೆಲಸ ಕೆಳಗೆ ಬರೆದಿದ್ದೇನೆ, ಬೇರೇನಾದರೂ ನೆನಪಾದರೆ ಅದನ್ನೇ ಬರೆಯಿರಿ. ಈಗಿನ ಆಫೀಸಿನಲ್ಲಿ ಇನ್ನೂ ಹೇಳಿಲ್ಲ, ದಯವಿಟ್ಟು ನಿಮ್ಮಲ್ಲೇ ಇರಲಿ.”

ಕೆಳಗಿನ ಮೂರರಲ್ಲಿ ಒಂದು, ಲಾರಿ ಮುಷ್ಕರವಾದ ವಾರದಲ್ಲಿ ಯಾವ ಸರಕು ಮೊದಲು ಹೋಗಬೇಕೆಂದು ನಾವಿಬ್ಬರೂ ಕೂತು ಪಟ್ಟಿ ಮಾಡಿದ್ದು. ಇನ್ನೊಂದು, ಅವಳೇ ಮಾಡಿದ ತಪ್ಪು: ಹುಬ್ಬಳ್ಳಿಯ ಸರಕು ಹೊಸಪೇಟೆಗೆ ಹೋಗಿದ್ದು, ಆಮೇಲೆ ಚೀಟಿಗಳಿಗೆ ಬಣ್ಣ ಹಾಕುವ ಪದ್ಧತಿ ತಂದದ್ದು. ತಪ್ಪನ್ನು ತಾನೇ ಬರೆದವರನ್ನು ನಾನು ಕಂಡದ್ದು ಅದೇ ಮೊದಲು. ಆ ಸಾಲು ಓದಿದ ಕೂಡಲೇ ಹೊಸಪೇಟೆಯ ಏಜೆಂಟು ಫೋನಿನಲ್ಲಿ ಕೂಗಾಡಿದ್ದು, ಅವಳು ಕಣ್ಣೊರೆಸಿಕೊಳ್ಳುತ್ತಲೇ ಹಳದಿ ಚೀಟಿ ಕತ್ತರಿಸುತ್ತ ಕೂತದ್ದು, ಎಲ್ಲ ಕಣ್ಣಿಗೆ ಬಂತು. ನನ್ನ ಪತ್ರದ ಒಳ್ಳೆಯ ಪ್ಯಾರಾ ಅಲ್ಲಿಂದಲೇ ಹುಟ್ಟಿತು.

ಆವತ್ತೇ ಆಗಲಿ ಅಂತ ಬರೆದೆ. ಒಂದು ತೊಡಕೂ ಆಯಿತು. ವಿಶ್ವವಿದ್ಯಾಲಯದ ಲಿಂಕ್ ಸ್ಪ್ಯಾಮಿಗೆ ಹೋಗಿ ಕೂತಿತ್ತು, ನಾನು ಬಂದೇ ಇಲ್ಲ ಅಂದುಕೊಂಡು ಸುಮ್ಮನಿದ್ದೆ. ಜನವರಿ 22ಕ್ಕೆ ಅವಳಿಂದ ಎರಡು ಸಾಲು ಬಂತು: “ಮೇಡಂ, ಪತ್ರ ಇನ್ನೂ ತಲುಪಿಲ್ಲ ಅಂತ ಪೋರ್ಟಲ್ ತೋರಿಸುತ್ತಿದೆ. ಲಿಂಕ್ ಸ್ಪ್ಯಾಮಿನಲ್ಲಿ ಇದೆಯಾ ನೋಡುತ್ತೀರಾ?” ಅಲ್ಲೇ ಇತ್ತು. ಒಂಬತ್ತು ದಿನ ಮುಂಚೆ, ಒಂದೇ ಸಲ ಜ್ಞಾಪಿಸಿದಳು. ದಿನಾ ಕೇಳಿದ್ದರೆ ಬೇಸರವಾಗುತ್ತಿತ್ತು, ಕೇಳದೇ ಇದ್ದಿದ್ದರೆ ಅವಳ ಅರ್ಜಿ ಕೆಡುತ್ತಿತ್ತು. ಪತ್ರ ಬರೆಯಲು ಒಂದು ಗಂಟೆ ಹಿಡಿಯಿತು, ಅದರಲ್ಲಿ ಕಾಲು ಗಂಟೆ ಕನ್ನಡಕ ಹುಡುಕಿದ್ದು.

ನಾಯಿಯ ಫೋಟೋದವನಿಗೂ ಉತ್ತರ ಕೊಟ್ಟೆ. “ಯಾರಪ್ಪ ನೀನು? ಯಾವ ವರ್ಷ ನಮ್ಮಲ್ಲಿದ್ದೆ? ಪತ್ರ ಯಾರಿಗೆ, ಯಾವತ್ತಿಗೆ? ನಾನು ನೋಡಿದ ಕೆಲಸ ಯಾವುದು?” ಅಂತ ಕೇಳಿದೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಬಹುಶಃ ನಾನು ಇಲ್ಲ ಅಂದೆ ಅಂತ ತಿಳಿದನೇನೋ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬಾಳೆಹಣ್ಣು ಕೊಳ್ಳುವ, ಬಸ್ಸಿಗೆ ನಿಲ್ಲುವ ಕಷ್ಟವಿಲ್ಲದೆ ಕೇಳಿದ ಅನ್ನುವುದು ಬಿಟ್ಟರೆ, 1979ರ ನನಗೂ ಅವನಿಗೂ ವ್ಯತ್ಯಾಸವೇನಿಲ್ಲ.

ಒಂದು ಕೊರತೆ ಮಾತ್ರ ಆಗಲೂ ಇತ್ತು, ಈಗಲೂ ಇದೆ. ಪತ್ರ ಪಡೆದವರು ಆಮೇಲೆ ಏನಾಯಿತೆಂದು ಹೇಳುವುದಿಲ್ಲ. ಕಾರ್ಡಿಗೆ 15 ಪೈಸೆ ಇದ್ದ ಕಾಲದಲ್ಲಿ ಹೊಸೂರಿನ ಸೂಪರ್‌ವೈಸರ್ ಒಬ್ಬನೇ ನಮ್ಮ ಮ್ಯಾನೇಜರಿಗೆ ಒಂದು ಕಾರ್ಡು ಹಾಕಿದ್ದ, “ಸೇರಿದೆ, ರಾತ್ರಿ ಪಾಳಿ ಇಲ್ಲ” ಅಂತ. ಅವರು ಅದನ್ನು ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ನಾನು 525 ರೂಪಾಯಿ ಎಣಿಸಿಕೊಂಡವಳು ಮಲ್ಲೇಶ್ವರದ ಮ್ಯಾನೇಜರ ಮನೆಗೆ ಹೋಗಿ ಹೇಳಲಿಲ್ಲ. ಹೋಗಬೇಕು ಅಂದುಕೊಳ್ಳುತ್ತಲೇ ವರ್ಷಗಳಾದವು, ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ನೋಡಿದೆ.

ನೀವು ಯಾರಾದರೂ ಹಳೇ ಮ್ಯಾನೇಜರಿಗೆ ಬರೆಯುವವರಿದ್ದರೆ, ‘ಹೇಗಿದ್ದೀರಾ’ ಕೇಳುವ ಮೊದಲು ನೀವು ಯಾರು, ಯಾವ ವರ್ಷ, ಯಾವ ಮೇಜು ಅಂತ ಬರೆಯಿರಿ. ಅರ್ಧ ಹಾಳೆ ಸಾಕು. ಕೆಲಸ ಸಿಕ್ಕರೂ ಸಿಗದಿದ್ದರೂ ಆಮೇಲೆ ಒಂದು ಸಾಲು ತಿಳಿಸಿ. ಈಗ ಅದಕ್ಕೆ ಕಾರ್ಡಿನ 15 ಪೈಸೆಯೂ ಬೇಕಾಗಿಲ್ಲ.